ಹೇಳಿದ್ದು ಶೇ 12, ಕಟ್ಟುವುದು ಶೇ 25

ಬೈಕ್ ಶೋರೂಮಿನ ಮೂಲೆಯಲ್ಲಿ ಫೈನಾನ್ಸ್‌ನವರ ಟೇಬಲ್ ಇರುತ್ತದೆ. ಅಲ್ಲಿ ಕೇಳಿಬರುವ ಮಾತು ಎಲ್ಲ ಊರಲ್ಲೂ ಹೆಚ್ಚುಕಡಿಮೆ ಒಂದೇ. "ಅರವತ್ತು ಸಾವಿರ ಲೋನ್ ಮಾಡ್ಸೋಣ ಸರ್. ಬಡ್ಡಿ ತಿಂಗಳಿಗೆ ಬರೀ ಒಂದು ಪರ್ಸೆಂಟ್. ಎರಡು ವರ್ಷ, ತಿಂಗಳಿಗೆ ಮೂರು ಸಾವಿರದ ನೂರು ಕಟ್ಟಿದ್ರೆ ಮುಗೀತು. ಪ್ರೊಸೆಸಿಂಗ್ ಫೀ ಸ್ವಲ್ಪ ಇರುತ್ತೆ."

ಕೇಳುವವರು ಮನಸ್ಸಿನಲ್ಲೇ ಗುಣಿಸಿಕೊಳ್ಳುತ್ತಾರೆ. ತಿಂಗಳಿಗೆ ಒಂದು ಎಂದರೆ ವರ್ಷಕ್ಕೆ ಹನ್ನೆರಡು. ಕೈಸಾಲದವರು ಎರಡು ರೂಪಾಯಿ, ಮೂರು ರೂಪಾಯಿ ಬಡ್ಡಿ ಕೇಳುವ ಕಾಲದಲ್ಲಿ ಒಂದು ರೂಪಾಯಿ ಬಡ್ಡಿ ಅಗ್ಗವೇ ತಾನೆ? ಸಹಿ ಬೀಳುತ್ತದೆ. ಆದರೆ ಈ ಸಾಲದ ನಿಜವಾದ ವಾರ್ಷಿಕ ಬಡ್ಡಿ ಶೇ 12 ಅಲ್ಲ, ಶೇ 24.7. ಇಲ್ಲಿ ಯಾರೂ ಕೂಡುವುದರಲ್ಲಿ ತಪ್ಪಿಲ್ಲ, ಯಾರೂ ಅಂಕಿಯನ್ನು ಅಡಗಿಸಿಲ್ಲ. ಎಲ್ಲ ಸಂಖ್ಯೆಗಳೂ ಕಣ್ಣೆದುರಿಗೇ ಇವೆ. ಹಾಗಿದ್ದೂ ಬಡ್ಡಿ ಎರಡರಷ್ಟಕ್ಕಿಂತ ಹೆಚ್ಚಾದದ್ದು ಹೇಗೆ ಎಂಬುದನ್ನು ಒಂದೊಂದೇ ಹೆಜ್ಜೆ ಇಟ್ಟು ನೋಡೋಣ.

ನಮ್ಮ ಹಳ್ಳಿಪೇಟೆಗಳ ಕೈಸಾಲದಲ್ಲಿ ಒಂದು ರೂಪಾಯಿ ಬಡ್ಡಿ ಎಂದರೆ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ. ಅರವತ್ತು ಸಾವಿರ ತಂದರೆ ತಿಂಗಳಿಗೆ ಆರು ನೂರು ಬಡ್ಡಿ. ಅಸಲು ಹಾಗೇ ನಿಂತಿರುತ್ತದೆ. ಎರಡು ವರ್ಷ ಕಳೆದ ಮೇಲೆ ಅರವತ್ತು ಸಾವಿರವನ್ನು ಇಡಿಯಾಗಿ ತಿರುಗಿಸುತ್ತೀರಿ. ಅಷ್ಟೂ ದಿನ ಅಷ್ಟೂ ಹಣ ನಿಮ್ಮ ಕೈಯಲ್ಲೇ ಇತ್ತು, ಅಷ್ಟಕ್ಕೂ ಬಡ್ಡಿ ಕೊಟ್ಟಿರಿ. ಆ ಲೆಕ್ಕದಲ್ಲಿ ಒಂದು ರೂಪಾಯಿ ಬಡ್ಡಿ ನಿಜಕ್ಕೂ ವರ್ಷಕ್ಕೆ ಶೇ 12. ನಮ್ಮ ಕಿವಿ ಪಳಗಿರುವುದು ಈ ಲೆಕ್ಕಕ್ಕೆ.

ಕಂತಿನ ಸಾಲದಲ್ಲಿ ಅಸಲು ನಿಲ್ಲುವುದಿಲ್ಲ. ಮೊದಲ ತಿಂಗಳಿಂದಲೇ ಸ್ವಲ್ಪಸ್ವಲ್ಪವಾಗಿ ವಾಪಸಾಗುತ್ತದೆ. ಶೋರೂಮಿನವರು ಲೆಕ್ಕ ಹಾಕುವ ಫ್ಲಾಟ್ ರೇಟ್ ಮಾತ್ರ ಅದನ್ನು ಗಣನೆಗೇ ತೆಗೆದುಕೊಳ್ಳುವುದಿಲ್ಲ. ಅರವತ್ತು ಸಾವಿರಕ್ಕೆ ಶೇ 12ರಂತೆ ವರ್ಷಕ್ಕೆ 7,200, ಎರಡು ವರ್ಷಕ್ಕೆ 14,400. ಅಸಲಿಗೆ ಅದನ್ನು ಕೂಡಿಸಿದರೆ 74,400, ಅದನ್ನು 24ರಿಂದ ಭಾಗಿಸಿದರೆ 3,100. ಇಷ್ಟೇ ಫ್ಲಾಟ್ ರೇಟಿನ ಗಣಿತ. ಮದುವೆಗೆಂದು ಶಾಮಿಯಾನದ ಅಂಗಡಿಯಿಂದ 24 ಕುರ್ಚಿ ಬಾಡಿಗೆಗೆ ತಂದು, ದಿನಕ್ಕೊಂದರಂತೆ ಹಿಂದಿರುಗಿಸುತ್ತ ಬಂದರೂ, ಕೊನೆಯ ದಿನದವರೆಗೆ 24 ಕುರ್ಚಿಗಳ ಬಾಡಿಗೆಯನ್ನೇ ಕಟ್ಟಿದ ಹಾಗೆ ಇದು. ಇಪ್ಪತ್ಮೂರನೆಯ ತಿಂಗಳಲ್ಲಿ ನಿಮ್ಮ ಹತ್ತಿರ ಉಳಿದಿರುವ ಸಾಲ ಸುಮಾರು ಆರು ಸಾವಿರ, ಆದರೆ ಬಡ್ಡಿ ಎಣಿಸುವುದು ಅರವತ್ತು ಸಾವಿರಕ್ಕೆ.

ಹಾಗಾದರೆ ನಿಜವಾದ ಬಡ್ಡಿ ಯಾವುದು? ಉತ್ತರ ಸರಳ. ಪ್ರತಿ ತಿಂಗಳು ಬಾಕಿ ಇರುವ ಹಣಕ್ಕೆ ಮಾತ್ರ ಬಡ್ಡಿ ಹಾಕುತ್ತ ಹೋದಾಗ, ಕೊನೆಯ ಕಂತಿಗೆ ಸರಿಯಾಗಿ ಬಾಕಿ ಸೊನ್ನೆಯಾಗುವಂತೆ ಮಾಡುವ ದರ ಯಾವುದೋ ಅದೇ ನಿಜವಾದ ದರ. ಅದಕ್ಕಿಂತ ಕಡಿಮೆ ದರ ಹಾಕಿದರೆ ಸಾಲ ಬೇಗ ತೀರಿಬಿಡುತ್ತದೆ. ಹೆಚ್ಚು ಹಾಕಿದರೆ 24 ಕಂತು ಕಟ್ಟಿದ ಮೇಲೂ ಬಾಕಿ ಉಳಿಯುತ್ತದೆ.

ಇದನ್ನು ಶೋರೂಮಿನವರ ಮಾತಿನ ಮೇಲೇ ಪರೀಕ್ಷಿಸಬಹುದು. ಬಾಕಿಗೆ ಮಾತ್ರ ಬಡ್ಡಿ ಹಾಕುವ ಕ್ರಮದಲ್ಲಿ ದರ ನಿಜಕ್ಕೂ ಶೇ 12 ಆಗಿದ್ದರೆ, ಅರವತ್ತು ಸಾವಿರದ ಎರಡು ವರ್ಷದ ಸಾಲಕ್ಕೆ ಕಂತು 3,100 ಬರುವುದೇ ಇಲ್ಲ, ಸುಮಾರು 2,824 ಬರುತ್ತದೆ. ಒಟ್ಟು ಬಡ್ಡಿ 14,400 ಅಲ್ಲ, 7,800ರ ಒಳಗೇ ಮುಗಿಯುತ್ತದೆ. ಇನ್ನೊಂದು ರೀತಿ ನೋಡಿದರೆ, ಶೇ 12ರ ಸಾಲಕ್ಕೆ ತಿಂಗಳಿಗೆ 3,100 ಕಟ್ಟುತ್ತ ಹೋದರೆ 22ನೆಯ ಕಂತಿನಲ್ಲೇ ಸಾಲ ತೀರುತ್ತದೆ, ಆ ಕೊನೆಯ ಕಂತೂ ಪೂರ್ತಿ ಇರುವುದಿಲ್ಲ. ಇಲ್ಲಿ 24 ಕಂತೂ ಪೂರ್ತಿ ಕಟ್ಟಬೇಕು ಎಂದಾಗ ದರ ಹೆಚ್ಚಿದೆ ಎಂದೇ ಅರ್ಥ. ಲೆಕ್ಕ ಹಾಕಿದರೆ ಅದು ತಿಂಗಳಿಗೆ ಶೇ 1.8ರ ಹತ್ತಿರ, ವರ್ಷಕ್ಕೆ ಶೇ 21.6.

ಇನ್ನೂ ಪ್ರೊಸೆಸಿಂಗ್ ಫೀ ಸೇರಿಲ್ಲ. ಅದು ಸಾಲದ ಶೇ 2.5 ಎಂದಿಟ್ಟುಕೊಳ್ಳಿ, 1,500 ರೂಪಾಯಿ. ಅದರ ಮೇಲೆ ಶೇ 18 ಜಿಎಸ್‌ಟಿ, 270 ರೂಪಾಯಿ. ಒಟ್ಟು 1,770. ಸಾಮಾನ್ಯವಾಗಿ ಇದನ್ನು ಸಾಲ ಬಿಡುಗಡೆಯಾಗುವಾಗಲೇ ಮುರಿದುಕೊಳ್ಳುತ್ತಾರೆ. ಡೌನ್ ಪೇಮೆಂಟಿನ ಜೊತೆ ನಿಮ್ಮಿಂದಲೇ ಕಟ್ಟಿಸಿಕೊಂಡರೂ ಪರಿಣಾಮ ಒಂದೇ. ಕಾಗದದಲ್ಲಿ ಸಾಲ 60,000, ನಿಮ್ಮ ಕೆಲಸಕ್ಕೆ ಬಂದದ್ದು 58,230. ಕಂತು ಮಾತ್ರ ಅರವತ್ತು ಸಾವಿರಕ್ಕೆ ಕಟ್ಟಿದ್ದೇ, 3,100.

ಆದ್ದರಿಂದ ಲೆಕ್ಕವನ್ನು 58,230ರಿಂದಲೇ ಶುರು ಮಾಡಬೇಕು. ತಿಂಗಳಿಗೆ ಶೇ 2.061 ದರ ಹಾಕಿ ನೋಡಿ. ಮೊದಲ ತಿಂಗಳ ಬಡ್ಡಿ 1,200. ಕಟ್ಟಿದ 3,100ರಲ್ಲಿ ಅದನ್ನು ಕಳೆದರೆ ಅಸಲಿಗೆ ಹೋದದ್ದು 1,900, ಬಾಕಿ 56,330. ಎರಡನೆಯ ತಿಂಗಳು ಆ ಬಾಕಿಗೆ ಬಡ್ಡಿ 1,161, ಅಸಲಿಗೆ 1,939, ಬಾಕಿ 54,391. ಮೂರನೆಯ ತಿಂಗಳು ಬಡ್ಡಿ 1,121, ಅಸಲಿಗೆ 1,979, ಬಾಕಿ 52,412. ಹೀಗೇ ಮುಂದುವರಿಸಿದರೆ 24ನೆಯ ಕಂತಿಗೆ ಬಾಕಿ ಸೊನ್ನೆಗೆ ಬಂದು ನಿಲ್ಲುತ್ತದೆ. ಅಲ್ಲಿಗೆ ದರ ಸಿಕ್ಕಿತು. 2.061ನ್ನು 12ರಿಂದ ಗುಣಿಸಿದರೆ 24.73. ಎರಡು ಸಾವಿರವೂ ಇಲ್ಲದ ಫೀ ವಾರ್ಷಿಕ ದರವನ್ನು ಮೂರು ಪಾಯಿಂಟಿಗಿಂತ ಹೆಚ್ಚು ಮೇಲೆತ್ತಿತು.

2.061 ಎಂಬ ಸಂಖ್ಯೆ ಎಲ್ಲಿಂದ ಬಂತು ಎಂದು ಕೇಳುವುದು ನ್ಯಾಯ. ಇದಕ್ಕೆ ನೇರವಾದ ಸೂತ್ರವಿಲ್ಲ. ಒಂದು ದರ ಊಹಿಸಿ, ಕೊನೆಯ ಬಾಕಿ ನೋಡಿ, ಮೇಲೆ ಕೆಳಗೆ ಸರಿಸುತ್ತ ಹೋಗಬೇಕು. ಅದೃಷ್ಟಕ್ಕೆ ಈ ಕೆಲಸವನ್ನು ಮೊಬೈಲಿನ ಸ್ಪ್ರೆಡ್‌ಶೀಟ್ ಕ್ಷಣದಲ್ಲಿ ಮಾಡಿಕೊಡುತ್ತದೆ. ಗೂಗಲ್ ಶೀಟ್ಸ್ ಆಗಲಿ ಎಕ್ಸೆಲ್ ಆಗಲಿ, ಖಾಲಿ ಮನೆಯೊಂದರಲ್ಲಿ ಹೀಗೆ ಟೈಪ್ ಮಾಡಿ:

```
=RATE(24,-3100,58230)*12
```

ಮೊದಲನೆಯದು ಕಂತುಗಳ ಸಂಖ್ಯೆ. ಎರಡನೆಯದು ಕಂತಿನ ಮೊತ್ತ, ನಿಮ್ಮ ಕೈಯಿಂದ ಹೋಗುವ ಹಣವಾದ್ದರಿಂದ ಅದಕ್ಕೆ ಮೈನಸ್ ಚಿಹ್ನೆ. ಮೂರನೆಯದು ಎಲ್ಲ ಮುರಿತ ಕಳೆದು ನಿಮಗೆ ದಕ್ಕಿದ ಹಣ. ಉತ್ತರ 0.2473 ಎಂದು ಬರುತ್ತದೆ, ಎಂದರೆ ಶೇ 24.73. ಮೈನಸ್ ಮರೆತರೆ ಉತ್ತರದ ಬದಲು #NUM! ಎಂಬ ದೋಷ ಕಾಣಿಸುತ್ತದೆ. ಕೊನೆಯಲ್ಲಿ 12ರಿಂದ ಗುಣಿಸುವುದನ್ನು ಬಿಟ್ಟರೆ ತಿಂಗಳ ದರವಷ್ಟೇ ಬರುತ್ತದೆ. ಕೆಲವೊಮ್ಮೆ ಮನೆಯಲ್ಲಿ ದಶಮಾಂಶ ತೋರಿಸದೆ 25% ಎಂದಷ್ಟೇ ಕಾಣಬಹುದು, ಆಗ ದಶಮಾಂಶದ ಸ್ಥಾನಗಳನ್ನು ಹೆಚ್ಚಿಸಿಕೊಂಡರೆ ಸಾಕು.

ಈ ಸೂತ್ರದಲ್ಲಿ ಶೋರೂಮಿನವರು ಹೇಳಿದ ಶೇಕಡಾ ಎಲ್ಲೂ ಇಲ್ಲ ಎಂಬುದನ್ನು ಗಮನಿಸಿ. ಕೈಗೆ ಎಷ್ಟು ಬಂತು, ತಿಂಗಳಿಗೆ ಎಷ್ಟು ಹೋಗುತ್ತದೆ, ಎಷ್ಟು ತಿಂಗಳು. ಈ ಮೂರು ಸಂಖ್ಯೆ ಸಾಕು. ಅವರು ಫ್ಲಾಟ್ ಎನ್ನಲಿ, ಒಂದು ರೂಪಾಯಿ ಬಡ್ಡಿ ಎನ್ನಲಿ, ವಿಶೇಷ ಆಫರ್ ಎನ್ನಲಿ, ಆ ಹೆಸರುಗಳಿಂದ ಉತ್ತರ ಬದಲಾಗದು.

ಮೊಬೈಲ್ ತೆಗೆಯಲು ವ್ಯವಧಾನವಿಲ್ಲದಾಗ ಬಾಯಿಲೆಕ್ಕವೂ ಇದೆ. ಒಂದರಿಂದ ಮೂರು ವರ್ಷದ ಸಾಲಗಳಿಗೆ, ಸಾಮಾನ್ಯವಾಗಿ ಕೇಳಿಬರುವ ದರಗಳಿಗೆ, ಫ್ಲಾಟ್ ದರವನ್ನು 1.8ರಿಂದ ಗುಣಿಸಿ. ಅದಕ್ಕೆ ಫೀಯ ಪಾಲನ್ನು ಸೇರಿಸಿ: ಜಿಎಸ್‌ಟಿ ಸಹಿತ ಫೀ ಸಾಲದ ಶೇಕಡಾ ಎಷ್ಟು ಎಂದು ನೋಡಿ, ಅದನ್ನು ಎರಡರಿಂದ ಗುಣಿಸಿ, ವರ್ಷಗಳ ಸಂಖ್ಯೆಯಿಂದ ಭಾಗಿಸಿ. ನಮ್ಮ ಸಾಲದಲ್ಲಿ 12ರ 1.8 ಪಟ್ಟು 21.6. ಫೀ ಶೇ 2.95, ಎರಡರಷ್ಟು ಮಾಡಿ ಎರಡು ವರ್ಷಕ್ಕೆ ಹಂಚಿದರೆ ಅದೇ 2.95. ಕೂಡಿದರೆ 24.55. ನಿಖರ ಉತ್ತರವಾದ 24.73ಕ್ಕೆ ಕೂದಲೆಳೆಯ ಅಂತರ. ಫೀಯನ್ನು ಎರಡರಿಂದ ಗುಣಿಸುವುದಕ್ಕೆ ಕಾರಣವಿದೆ. ಕಂತಿನ ಸಾಲದಲ್ಲಿ ಇಡೀ ಅವಧಿಯ ಸರಾಸರಿ ನೋಡಿದರೆ ನಿಮ್ಮ ಹತ್ತಿರ ಇರುವುದು ಸಾಲದ ಅರ್ಧದಷ್ಟು ಹಣ ಮಾತ್ರ. ಫೀ ಹಾಕಿದ್ದು ಪೂರ್ತಿಗೆ.

ವರ್ಷಗಳಿಂದ ಭಾಗಿಸುವ ಹೆಜ್ಜೆಯಲ್ಲಿ ಇನ್ನೊಂದು ಸತ್ಯ ಅಡಗಿದೆ. ಅವಧಿ ಚಿಕ್ಕದಾದಷ್ಟೂ ಫೀ ಭಾರವಾಗುತ್ತದೆ. ಇದೇ ಅರವತ್ತು ಸಾವಿರವನ್ನು ಇದೇ ಶೇ 12 ಫ್ಲಾಟಿಗೆ, ಇದೇ 1,770 ಫೀಗೆ ಒಂದೇ ವರ್ಷದಲ್ಲಿ ತೀರಿಸಿದರೆ ಕಂತು 5,600 ಆಗುತ್ತದೆ, ನಿಜವಾದ ದರ ಶೇ 27.3ಕ್ಕೆ ಏರುತ್ತದೆ. ಒಟ್ಟು ಬಡ್ಡಿಯ ಹಣ ಕಡಿಮೆಯಾಗುವುದು ನಿಜ, ಹಾಗಾಗಿ ಬೇಗ ತೀರಿಸುವುದು ತಪ್ಪು ಎಂದು ಇದರ ಅರ್ಥವಲ್ಲ. ಆದರೆ ಆರು ತಿಂಗಳ, ಒಂದು ವರ್ಷದ ಸಣ್ಣ ಸಾಲಗಳಲ್ಲಿ "ಫೀ ಎಷ್ಟು ಮಹಾ" ಎಂದು ಬಿಟ್ಟುಬಿಡುವುದು ಸರಿಯಲ್ಲ. ಅಲ್ಲಿ ಬಡ್ಡಿಯ ಜೊತೆಗೆ ಫೀಯ ಮೇಲೂ ಚೌಕಾಸಿ ಮಾಡಬೇಕು.

ಈ ಲೆಕ್ಕ ಗೊತ್ತಿಲ್ಲದಿದ್ದರೆ ನಷ್ಟವಾಗುವುದು ಎರಡು ಸಾಲಗಳನ್ನು ಹೋಲಿಸುವಾಗ. ಪಕ್ಕದ ಬ್ಯಾಂಕು ಅರವತ್ತು ಸಾವಿರಕ್ಕೆ ಶೇ 18 ಬಡ್ಡಿ ಎನ್ನುತ್ತದೆ, ಬಾಕಿಗೆ ಮಾತ್ರ ಬಡ್ಡಿ ಹಾಕುವ ರೆಡ್ಯೂಸಿಂಗ್ ಬ್ಯಾಲೆನ್ಸ್ ಕ್ರಮ. ಫೀ ಜಿಎಸ್‌ಟಿ ಸೇರಿ 1,180. ಹನ್ನೆರಡರ ಎದುರು ಹದಿನೆಂಟು ದುಬಾರಿಯಾಗಿ ಕೇಳಿಸುತ್ತದೆ. ಆದರೆ ಅದರ ಕಂತು 2,995. ಮೇಲಿನ ಸೂತ್ರದಲ್ಲಿ 58,820 ಮತ್ತು 2,995 ಹಾಕಿ ನೋಡಿ, ಸುಮಾರು ಶೇ 20 ಬರುತ್ತದೆ. ಬ್ಯಾಂಕಿನ "ಹದಿನೆಂಟು" ಶೋರೂಮಿನ "ಹನ್ನೆರಡ"ಕ್ಕಿಂತ ಅಗ್ಗ. ಕಂತಿನಲ್ಲಿ ತಿಂಗಳಿಗೆ ನೂರ ಐದು ರೂಪಾಯಿ ಉಳಿತಾಯ, ಫೀಯಲ್ಲೂ ಉಳಿತಾಯ.

ಇನ್ನು ಅಡ್ವಾನ್ಸ್ ಇಎಂಐ. ಮೊದಲ ಕಂತನ್ನು ಸಾಲ ಕೊಡುವ ದಿನವೇ ಹಿಡಿದುಕೊಳ್ಳುವ ಪದ್ಧತಿ ಇದು. "ಹೇಗಿದ್ದರೂ ಕಟ್ಟಬೇಕಲ್ಲ, ಮೊದಲೇ ಕಟ್ಟಿದರೆ ಒಂದು ತಿಂಗಳು ಮುಂಚೆ ಮುಗಿಯುತ್ತೆ" ಎಂದು ಸಮಾಧಾನ ಹೇಳುತ್ತಾರೆ. ಆದರೆ ಕೊಟ್ಟ ಹಣದಲ್ಲೇ ಕಂತು ಹಿಡಿದುಕೊಂಡರೆ ಅದು ಕೊಟ್ಟಂತೆಯೇ ಅಲ್ಲ. ನಮ್ಮ ಸಾಲದಲ್ಲಿ ಫೀ ಮತ್ತು ಮೊದಲ ಕಂತು ಕಳೆದರೆ ದಕ್ಕುವುದು 55,130, ಉಳಿಯುವುದು 23 ಕಂತು:

```
=RATE(23,-3100,55130)*12
```

ಉತ್ತರ ಶೇ 27.1. ಒಂದೇ ಒಂದು ಕಂತನ್ನು ಮುಂಚೆ ತೆಗೆದುಕೊಂಡದ್ದಕ್ಕೆ ಇನ್ನೂ ಎರಡೂವರೆ ಪಾಯಿಂಟಿನ ಹತ್ತಿರ ಏರಿತು. ಡಾಕ್ಯುಮೆಂಟ್ ಚಾರ್ಜ್, ಸಾಲಕ್ಕೆ ಜೋಡಿಸಿದ ವಿಮೆಯ ಪ್ರೀಮಿಯಂ ಮುಂತಾದವೂ ಇದೇ ರೀತಿ ಕೆಲಸ ಮಾಡುತ್ತವೆ. ಸಾಲ ತೆಗೆದುಕೊಳ್ಳುವ ಕಾರಣಕ್ಕೇ ಕಟ್ಟಬೇಕಾದ ಪ್ರತಿ ಹಣವನ್ನೂ ಕೈಗೆ ಬಂದ ಮೊತ್ತದಿಂದ ಕಳೆಯಿರಿ. ಬೈಕಿನ ನೋಂದಣಿ, ರಸ್ತೆ ತೆರಿಗೆ, ವಾಹನ ವಿಮೆ ನಗದು ಕೊಟ್ಟು ಕೊಂಡರೂ ತಪ್ಪದ ಖರ್ಚುಗಳು, ಅವನ್ನು ಈ ಲೆಕ್ಕಕ್ಕೆ ತರಬಾರದು.

ಹೆಚ್ಚಿನವರು ಬೇಸರಪಡುವುದು ಸಾಲವನ್ನು ನಡುವೆಯೇ ಮುಗಿಸಲು ಹೋದಾಗ. ಹನ್ನೆರಡು ಕಂತು ಕಟ್ಟಿ ಆಗಿದೆ, ಅರ್ಧ ಅವಧಿ ಮುಗಿದಿದೆ, ಆದ್ದರಿಂದ ಅಸಲೂ ಅರ್ಧ, ಮೂವತ್ತು ಸಾವಿರ ಕಟ್ಟಿದರೆ ಸಾಕು ಎಂದು ಹೋಗುತ್ತಾರೆ. ಅಲ್ಲಿ ಬಾಕಿ 33,195 ಎಂದು ತೋರಿಸುತ್ತಾರೆ, ಅದರ ಮೇಲೆ ಫೋರ್‌ಕ್ಲೋಸರ್ ಶುಲ್ಕ ಬೇರೆ. ಮೋಸವಾಯಿತು ಎನಿಸುತ್ತದೆ. ಆದರೆ ಬಾಕಿಯ ಮೊತ್ತದಲ್ಲಿ ತಪ್ಪಿಲ್ಲ. ಸಾಲ ಹೇಳುವಾಗ ಬಳಸಿದ್ದು ಫ್ಲಾಟ್, ಸಾಲದ ಪುಸ್ತಕದಲ್ಲಿ ನಡೆಯುವುದು ಬಾಕಿಗೆ ಬಡ್ಡಿ ಹಾಕುವ ಲೆಕ್ಕ. ಫ್ಲಾಟ್ ಲೆಕ್ಕದಲ್ಲಿ ಮೊದಲ ತಿಂಗಳ ಬಡ್ಡಿ 600. ನಿಜವಾದ ಪುಸ್ತಕದಲ್ಲಿ ಅರವತ್ತು ಸಾವಿರಕ್ಕೆ ಶೇ 1.8ರಂತೆ ಸುಮಾರು 1,079. ಮೊದಲ ತಿಂಗಳುಗಳಲ್ಲಿ ಬಡ್ಡಿಗೆ ದೊಡ್ಡ ಪಾಲು ಹೋಗುವುದರಿಂದ ಅಸಲು ನಿಧಾನವಾಗಿ ಕರಗುತ್ತದೆ. ಅಂದರೆ ಸಾಲ ಕೊಟ್ಟ ಸಂಸ್ಥೆಗೆ ತನ್ನ ನಿಜವಾದ ದರ ಮೊದಲ ದಿನದಿಂದಲೂ ಗೊತ್ತಿತ್ತು. ನನಗೆ ಇಡೀ ವ್ಯವಹಾರದಲ್ಲಿ ಅತ್ಯಂತ ಅನ್ಯಾಯವಾಗಿ ಕಾಣುವುದು ಇದೇ: ಮಾರುವಾಗ ಒಂದು ದರ, ವಸೂಲಿಯಲ್ಲಿ ಇನ್ನೊಂದು.

ನಡುವೆ ಮುಗಿಸಿದಾಗ ನಾವು ಕಂಡುಹಿಡಿದ ಶೇ 24.73 ಕೂಡ ನಿಲ್ಲುವುದಿಲ್ಲ ಎಂಬುದು ನೆನಪಿರಲಿ. ಎರಡು ವರ್ಷಕ್ಕೆ ಹರಡಬೇಕಿದ್ದ ಫೀ ಒಂದೇ ವರ್ಷದ ಮೇಲೆ ಬೀಳುತ್ತದೆ, ಫೋರ್‌ಕ್ಲೋಸರ್ ಶುಲ್ಕವೂ ಸೇರುತ್ತದೆ, ದರ ಇನ್ನೂ ಮೇಲೇರುತ್ತದೆ. ಬೇಗ ತೀರಿಸುವ ಯೋಚನೆ ಇದ್ದವರು ಸಹಿ ಹಾಕುವ ಮುಂಚೆಯೇ ಆ ಶುಲ್ಕ ಎಷ್ಟೆಂದು ಬರಹದಲ್ಲಿ ಕೇಳಿಕೊಳ್ಳಬೇಕು.

ಈ ಲೆಕ್ಕವನ್ನು ಸಾಲಗಾರರೇ ಹಾಕಿಕೊಳ್ಳಬೇಕಾದ ಸ್ಥಿತಿ ಈಗ ಸ್ವಲ್ಪ ಬದಲಾಗಿದೆ. ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್ 15ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಅದೇ ವರ್ಷದ ಅಕ್ಟೋಬರ್ 1ರಿಂದ ಮಂಜೂರಾಗುವ ಎಲ್ಲ ಹೊಸ ಚಿಲ್ಲರೆ ಸಾಲಗಳಿಗೆ ಬ್ಯಾಂಕುಗಳೂ ಫೈನಾನ್ಸ್ ಕಂಪನಿಗಳೂ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಎಂಬ ಪತ್ರವನ್ನು ಕೊಡಬೇಕು. ಕೆಎಫ್‌ಎಸ್ ಎಂದು ಕೇಳಿದರೆ ಅವರಿಗೆ ತಿಳಿಯುತ್ತದೆ. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲೇ ಅದು ಇರಬೇಕು, ಕನ್ನಡದಲ್ಲಿ ಕೇಳುವುದು ನಿಮ್ಮ ಹಕ್ಕು. ಅದರಲ್ಲಿ ಎಪಿಆರ್ ಎಂಬ ಒಂದು ಸಾಲು ಇರುತ್ತದೆ. ನಾವು ಇಷ್ಟು ಹೊತ್ತು ಹುಡುಕಿದ ದರ ಅದೇ. ಬಡ್ಡಿ, ಫೀ, ಬೇರೆಯವರ ಪರವಾಗಿ ವಸೂಲಿ ಮಾಡುವ ವಿಮೆಯಂಥ ಶುಲ್ಕ, ಎಲ್ಲ ಸೇರಿದ ವಾರ್ಷಿಕ ವೆಚ್ಚ. ಜೊತೆಗೆ ತಿಂಗಳು ತಿಂಗಳಿಗೆ ಬಡ್ಡಿ ಎಷ್ಟು, ಅಸಲು ಎಷ್ಟು, ಬಾಕಿ ಎಷ್ಟು ಎಂಬ ಕಂತಿನ ಪಟ್ಟಿಯೂ ಇರಬೇಕು. ಪತ್ರದಲ್ಲಿ ನಮೂದಿಸದ ಯಾವ ಶುಲ್ಕವನ್ನೂ ಸಾಲಗಾರನ ಸ್ಪಷ್ಟ ಒಪ್ಪಿಗೆ ಇಲ್ಲದೆ ಆಮೇಲೆ ಹೇರುವಂತಿಲ್ಲ. ಏಳು ದಿನ ಅಥವಾ ಹೆಚ್ಚಿನ ಅವಧಿಯ ಸಾಲವಾದರೆ ಪತ್ರ ಕೊಟ್ಟ ಮೇಲೆ ಕನಿಷ್ಠ ಮೂರು ಕೆಲಸದ ದಿನ ಅದರ ಷರತ್ತುಗಳಿಗೆ ಸಂಸ್ಥೆ ಬದ್ಧವಾಗಿರಬೇಕು. ಎಂದರೆ ಪತ್ರವನ್ನು ಮನೆಗೆ ತಂದು, ಇನ್ನೊಂದು ಕಡೆ ವಿಚಾರಿಸಿ ಬರಲು ನಿಮಗೆ ಸಮಯವಿದೆ. "ಆಫರ್ ಇವತ್ತೇ ಕೊನೆ" ಎಂಬ ಅವಸರಕ್ಕೆ ಮಣಿಯಬೇಕಿಲ್ಲ.

ಒಂದು ಸೂಕ್ಷ್ಮವನ್ನು ಹೇಳಬೇಕು. ನಾವು ತಿಂಗಳ ದರವನ್ನು ಸುಮ್ಮನೆ 12ರಿಂದ ಗುಣಿಸಿದೆವು. ರಿಸರ್ವ್ ಬ್ಯಾಂಕಿನ ಮಾದರಿ ಲೆಕ್ಕವೂ ಹಾಗೆಯೇ ಇದೆ, ಆದ್ದರಿಂದ ಎಪಿಆರ್ ಜೊತೆ ತಾಳೆ ನೋಡಲು ಇದೇ ಸರಿ. ತಿಂಗಳ ಬಡ್ಡಿಯ ಮೇಲೆ ಚಕ್ರಬಡ್ಡಿ ಎಣಿಸಿದರೆ ಇದೇ ಸಾಲ ಶೇ 27.7 ಎಂದು ತೋರುತ್ತದೆ. ಎರಡೂ ತಪ್ಪಲ್ಲ. ಆದರೆ ಎರಡು ಸಾಲಗಳನ್ನು ಹೋಲಿಸುವಾಗ ಎರಡಕ್ಕೂ ಒಂದೇ ವಿಧಾನ ಬಳಸಬೇಕು.

ಪತ್ರದ ಎಪಿಆರ್‌ಗೂ ನಿಮ್ಮ ಉತ್ತರಕ್ಕೂ ಒಂದೆರಡು ದಶಮಾಂಶದ ವ್ಯತ್ಯಾಸ ಬಂದರೆ ಚಿಂತೆ ಬೇಡ. ಮೊದಲ ಕಂತಿನ ದಿನಾಂಕ ಹಿಂದೆಮುಂದೆ ಆದರೆ ಅಷ್ಟು ಆಗುತ್ತದೆ. ಎರಡು ಮೂರು ಪಾಯಿಂಟ್ ವ್ಯತ್ಯಾಸವಿದ್ದರೆ ಯಾವುದೋ ಶುಲ್ಕ ಎಪಿಆರ್ ಒಳಗೆ ಸೇರಿಲ್ಲ. ಕೈಗೆ ಬಂದ ಮೊತ್ತವನ್ನೂ ಮಂಜೂರಾದ ಮೊತ್ತವನ್ನೂ ಅಕ್ಕಪಕ್ಕ ಬರೆದು, ನಡುವಿನ ಪ್ರತಿ ರೂಪಾಯಿಗೂ ಹೆಸರು ಕೇಳಿ. ಉತ್ತರ ಸಿಗದಿದ್ದರೆ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಬರಹದಲ್ಲಿ ದೂರು ಕೊಡಿ. ಮೂವತ್ತು ದಿನದಲ್ಲಿ ಪರಿಹಾರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ತಾಣದ ಮೂಲಕ ದೂರಬಹುದು, ಅದಕ್ಕೆ ಶುಲ್ಕವಿಲ್ಲ.

ಈ ರಕ್ಷಣೆ ಎಲ್ಲೆಡೆಗೂ ತಲುಪುವುದಿಲ್ಲ. ಊರೂರಿನ ಪತ್ತಿನ ಸಹಕಾರ ಸಂಘಗಳು ಬ್ಯಾಂಕುಗಳಲ್ಲ, ಅವು ನಡೆಯುವುದು ರಾಜ್ಯದ ಸಹಕಾರ ಕಾಯ್ದೆಗಳ ಅಡಿಯಲ್ಲಿ. ಖಾಸಗಿ ಲೇವಾದೇವಿಯವರಿಗೂ ಈ ಸುತ್ತೋಲೆ ಅನ್ವಯಿಸದು. ಎಪಿಆರ್ ಎಂಬ ಸಾಲೇ ಇಲ್ಲದ ಕಡೆ ಸಾಲ ತೆಗೆಯುವಾಗ ಮೊಬೈಲಿನ ಆ ಒಂದು ಸಾಲಿನ ಸೂತ್ರವೇ ನಿಮ್ಮ ಕೆಎಫ್‌ಎಸ್. ಆದ್ದರಿಂದ ಎಲ್ಲೇ ಹೋಗಲಿ, ಬಡ್ಡಿ ಎಷ್ಟು ಎಂದು ಮೊದಲು ಕೇಳಬೇಡಿ. ಎಲ್ಲ ಮುರಿದು ಕೈಗೆ ಎಷ್ಟು ಬರುತ್ತದೆ, ಕಂತು ಎಷ್ಟು, ಎಷ್ಟು ಕಂತು ಎಂದು ಕೇಳಿ, ಮೂರನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ. ದರವನ್ನು ನೀವೇ ಲೆಕ್ಕ ಹಾಕಿ, ಆಮೇಲೆ ಸಹಿ ಹಾಕಿ.